ಒಂದು ಬೆನ್ನು, ಮೂರು ಕೋಟು



ನಾನು ಚಿಕ್ಕೋಡಿಯಲ್ಲಿ ಕೋಟು ಹೊಲಿಯುವವನು. ಇಂದು ಮೂರು ಕೋಟುಗಳ ಬಗ್ಗೆ ಮಾತಾಡುತ್ತೇನೆ. ಮೂರನ್ನೂ ತೊಟ್ಟವರು ಒಬ್ಬರೇ. ರಾಯಬಾಗ ಕಡೆಯ ಕಬ್ಬಿನ ರೈತರು. ವಯಸ್ಸು ಅರವತ್ತು ದಾಟಿತ್ತು. ಅವರನ್ನು ನಾನು ಕಾಕಾ ಎಂದು ಕರೆಯುತ್ತಿದ್ದೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ರೇಡಿಯೋದಲ್ಲಿ ಕೋಟು ತೋರಿಸಲು ಬರುವುದಿಲ್ಲ. ಅದಕ್ಕೇ ಒಂದು ವಿನಂತಿ. ಮನೆಯಲ್ಲಿ ಕೋಟು ಇದ್ದರೆ ಹೊರತೆಗೆದು ಮಡಿಲಲ್ಲಿ ಇಟ್ಟುಕೊಳ್ಳಿ. ಮದುವೆಯಲ್ಲಿ ಹಾಕಿದ್ದಾದರೂ ಸರಿ, ಅಜ್ಜನ ಕರೀ ಕೋಟಾದರೂ ಸರಿ. ನಾನು ಹೇಳುವುದನ್ನು ಬೆರಳಿನಿಂದ ಮುಟ್ಟಿ ನೋಡಬಹುದು.

ಕಾಕಾ ಮೊದಲ ಸಲ ಅಂಗಡಿಗೆ ಬಂದದ್ದು ಒಂದು ರೆಡಿಮೇಡ್ ಕೋಟು ಹಿಡಿದುಕೊಂಡು. ಹಿರೇ ಮಗನ ಮದುವೆಗೆ ಕೊಂಡದ್ದು. ನಮ್ಮ ಕಡೆ ಮದುವೆಯ ಜವಳಿಗೆ ನಿಪ್ಪಾಣಿಗೆ ಹೋಗುತ್ತಾರೆ, ಇಚಲಕರಂಜಿಗೆ ಹೋಗುತ್ತಾರೆ. ಕಾಗವಾಡ, ಅಥಣಿ ಕಡೆಯವರಿಗೆ ಮಿರಜ ಹತ್ತಿರ. ಕಾಕಾ ಎಲ್ಲಿ ಕೊಂಡಿದ್ದರೋ, ಅದು ಇಲ್ಲಿ ಬೇಡ. ಬಟ್ಟೆ ಚೆನ್ನಾಗಿತ್ತು. ಹೊಲಿಗೆಯಲ್ಲಿ ಒಂದು ಟಾಕಿಯೂ ಸೊಟ್ಟಗಿರಲಿಲ್ಲ. ಆದರೂ ಅವರ ದೂರು ಹೀಗಿತ್ತು:

“ಮಾಸ್ತರ, ಇದನ್ನ ಹಾಕ್ಕೊಂಡ್ರ ಯಾರೋ ಹಿಂದಿಂದ ಜಗ್ಗಿದಂಗ ಆಗ್ತೈತಿ. ನಂಬರ ಬರೋಬರಿ ಐತಿ ಅಂತ ಹೇಳಿ ಕೊಟ್ಟಾರ.”

ನಂಬರು ಬರೋಬರಿಯೇ ಇತ್ತು. ಎದೆ 40 ಇಂಚು, ಕೋಟಿನ ಚೀಟಿಯೂ 40. ಹಾಕಿಸಿ ನಿಲ್ಲಿಸಿದೆ. ಕುತ್ತಿಗೆಯ ಹಿಂದೆ ಕಾಲರು ಒಂದು ಬೆರಳು ದೂರ ನಿಂತಿತ್ತು. ಒಳಗಿನ ಅಂಗಿಯ ಕಾಲರು ಪೂರ್ತಿ ಕಾಣುತ್ತಿತ್ತು. ಬೆನ್ನ ಹಿಂದಿನ ಅಂಚು ಮೇಲೆದ್ದಿತ್ತು. ಮುಂದಿನ ಅಂಚು ಕೆಳಗೆ ಜೋತಿತ್ತು. ಬಲಗಡೆ ಕುತ್ತಿಗೆಯ ಬುಡದಿಂದ ಬಗಲಿನವರೆಗೆ ಒಂದು ಓರೆ ಸುಕ್ಕು. ಗುಂಡಿ ಹಾಕಿದರೆ ಹೊಟ್ಟೆಯ ಮೇಲೆ ಬಟ್ಟೆ ನಾಲ್ಕೂ ಕಡೆಗೆ ಎಳೆಯುತ್ತಿತ್ತು.

ಈ ನಾಲ್ಕು ಗುರುತು ನೆನಪಿಡಿ. ದೂರ ನಿಂತ ಕಾಲರು. ಎದ್ದ ಹಿಂದಿನ ಅಂಚು. ಬಗಲಿನ ಓರೆ ಸುಕ್ಕು. ಹೊಟ್ಟೆಯ ಮೇಲಿನ ಎಳೆತ. ಮುಂದಿನ ಮಾತೆಲ್ಲ ಇವುಗಳ ಸುತ್ತಲೇ.

ಕಾಕಾನ ಬೆನ್ನು ಬಾಗಿತ್ತು. ವರ್ಷಾನುಗಟ್ಟಲೆ ಕಬ್ಬಿನ ಹೊರೆ ಹೊತ್ತ ಬೆನ್ನು. ಹೊರೆ ಹೊರುತ್ತಿದ್ದುದು ಬಲ ಹೆಗಲ ಮೇಲೆ. ಆ ಹೆಗಲು ಎಡಕ್ಕಿಂತ ಸುಮಾರು ಅರ್ಧ ಇಂಚು ಇಳಿದಿತ್ತು. ಎದೆ 40, ಹೊಟ್ಟೆ 39.

ರೆಡಿಮೇಡ್ ಕೋಟು ಯಾರ ಮೈಗೆ ಕತ್ತರಿಸಿದ್ದು? ಲೆಕ್ಕದಲ್ಲಿ ಮಾತ್ರ ಇರುವ ಒಬ್ಬ ಮನುಷ್ಯನ ಮೈಗೆ. ಅವನ ಎರಡೂ ಹೆಗಲು ಸಮ. ಬೆನ್ನು ನೆಟ್ಟಗೆ. ಸೂಟಿನ ರೂಢಿಯ ಲೆಕ್ಕದಲ್ಲಿ ಎದೆಗಿಂತ ಸೊಂಟ 6 ಇಂಚು ಕಡಿಮೆ. 40ರ ಎದೆಗೆ 34ರ ಸೊಂಟ. ಕಾಕಾನಿಗೂ ಅವನಿಗೂ ಸೊಂಟದಲ್ಲೇ 5 ಇಂಚು ಫರಕು. ಹೊಟ್ಟೆಯ ಎಳೆತಕ್ಕೆ ಕಾರಣ ಅದು.

ಕಾರ್ಖಾನೆಯಲ್ಲಿ ಆ ಲೆಕ್ಕದ ಮನುಷ್ಯನಿಗೆ ಒಂದು ಫರ್ಮಾ ಬರೆಯುತ್ತಾರೆ. ಫರ್ಮಾ ಎಂದರೆ ಕತ್ತರಿಸುವ ನಮೂನೆ. ಅದನ್ನೇ ಹಿಗ್ಗಿಸಿ, ಕುಗ್ಗಿಸಿ 36, 38, 42 ಎಂದು ಉಳಿದ ನಂಬರು ಮಾಡುತ್ತಾರೆ. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ ಒಮ್ಮೆಗೇ ಕತ್ತರಿಸುತ್ತಾರೆ. ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ ಕಾರ್ಖಾನೆಗಳ ಬಗ್ಗೆ ನೀವು ಕೇಳಿರುತ್ತೀರಿ. ನಮ್ಮೂರ ಹೆಣ್ಣುಮಕ್ಕಳೂ ಅಂಥ ಕಡೆ ಕೆಲಸಕ್ಕೆ ಹೋಗಿದ್ದಾರೆ. ಸಾಲಾಗಿ ಮಶೀನು. ಒಬ್ಬರದು ಜೇಬು ಮಾತ್ರ, ಇನ್ನೊಬ್ಬರದು ತೋಳು ಮಾತ್ರ. ದಿನವಿಡೀ ಅದೊಂದನ್ನೇ ಮಾಡುವುದರಿಂದ ಆ ಹೊಲಿಗೆ ಬಹಳ ಸಮನಾಗಿ ಬರುತ್ತದೆ. ನನ್ನ ಕಾರಾಗೀರನ ಜೇಬು ಒಂದೊಂದು ದಿನ ಒಂದೊಂದು ರೀತಿ ಇರಬಹುದು. ಕಾರ್ಖಾನೆಯ ಜೇಬು ಹಾಗಲ್ಲ. ಇದನ್ನು ಒಪ್ಪಲೇಬೇಕು.

ಇನ್ನೊಂದನ್ನೂ ಒಪ್ಪಬೇಕು. ರೆಡಿಮೇಡ್ ಕೋಟನ್ನು ದುಡ್ಡು ಕೊಡುವ ಮೊದಲೇ ಹಾಕಿ ನೋಡಬಹುದು. ನೆಟ್ಟನೆ ಬೆನ್ನಿನ ಹುಡುಗನಿಗೆ, ಸಮ ಹೆಗಲಿನವನಿಗೆ ಅದು ಚೆನ್ನಾಗಿಯೇ ಕೂಡುತ್ತದೆ. ಅಂಥವರು ಬಂದರೆ ನಾನೇ ಹೇಳುತ್ತೇನೆ, ತೋಳಿನ ಉದ್ದ ಸರಿ ಮಾಡಿಸಿಕೋ ತಮ್ಮಾ, ಸಾಕು ಎಂದು.

ನಮ್ಮ ದೇಶದ ಮೈಕಟ್ಟಿಗೆ ಹೊಂದುವ ನಂಬರುಗಳು ಬೇಕೆಂದು ಕೇಂದ್ರ ಜವಳಿ ಸಚಿವಾಲಯ ಮತ್ತು ನಿಫ್ಟ್ ಸಂಸ್ಥೆ ಸೇರಿ ಒಂದು ಸಮೀಕ್ಷೆ ಕೈಗೊಂಡವು. ಬೆಂಗಳೂರೂ ಸೇರಿ ಆರು ನಗರಗಳು, ಸುಮಾರು 25,000 ಜನ. ಅಳತೆ ತೆಗೆಯಲು ಮೈಯನ್ನು ಸುತ್ತಲೂ ಓದುವ ಯಂತ್ರ. ಒಳ್ಳೆಯ ಕೆಲಸ. ಅದರಿಂದ ಹೊಟ್ಟೆಯ ಎಳೆತ ಹಲವರಿಗೆ ಕಡಿಮೆಯಾದೀತು. ಆದರೆ ಚೀಟಿಯ ಮೇಲಿನ ನಂಬರು ಎದೆಯ ಸುತ್ತಳತೆ ಹೇಳುತ್ತದೆ. ಬೆನ್ನು ಎಷ್ಟು ಬಾಗಿದೆ ಎಂದು ಹೇಳುವುದಿಲ್ಲ.

ಕಾಕಾನ ಕೋಟಿನ ಮುಖ್ಯ ತೊಂದರೆ ಬೆನ್ನಿನಲ್ಲೇ ಇತ್ತು. ಒಂದು ಹಗ್ಗ ಊಹಿಸಿಕೊಳ್ಳಿ. ಕುತ್ತಿಗೆಯ ಎಲುಬಿನಿಂದ ಸೊಂಟದವರೆಗೆ ಬೆನ್ನ ಮೇಲೆ ಬಿಟ್ಟಿದ್ದೀರಿ. ಬೆನ್ನು ನೆಟ್ಟಗಿದ್ದರೆ ಚಿಕ್ಕ ಹಗ್ಗ ಸಾಕು. ಬೆನ್ನು ಗೂನಾದರೆ ಹಗ್ಗ ಗುಡ್ಡ ಹತ್ತಿ ಇಳಿಯಬೇಕು, ಉದ್ದ ಬೇಕು. ಉದ್ದ ಸಿಗದಿದ್ದರೆ ಎರಡು ತುದಿಯಿಂದಲೂ ಎಳೆದುಕೊಳ್ಳುತ್ತದೆ. ಕೋಟೂ ಅದನ್ನೇ ಮಾಡಿತ್ತು. ಮೇಲಿನ ತುದಿಯಲ್ಲಿ ಕಾಲರು ಕುತ್ತಿಗೆ ಬಿಟ್ಟಿತು. ಕೆಳಗಿನ ತುದಿಯಲ್ಲಿ ಅಂಚು ಎದ್ದಿತು. ಎದೆ ಒಳಗೆ ಹೋಗಿದ್ದರಿಂದ ಮುಂಭಾಗದ ಬಟ್ಟೆ ಹೆಚ್ಚಾಗಿ ಜೋತುಬಿತ್ತು.

“ಸರಿ ಮಾಡ್ಲಿಕ್ಕೆ ಬರ್ತೈತೇನ್ರಿ?” ಎಂದು ಕೇಳಿದರು. ಅಸ್ತರ ಬಿಚ್ಚಿ ಒಳಗೆ ನೋಡಿದೆ. ಬೆನ್ನ ನಡುಹೊಲಿಗೆಯಲ್ಲಿ ಬಿಟ್ಟ ಬಟ್ಟೆ ಅರ್ಧ ಇಂಚು. ಹೆಗಲ ಹೊಲಿಗೆಯಲ್ಲಿ ಅದಕ್ಕಿಂತಲೂ ಕಡಿಮೆ. ಹಿಗ್ಗಿಸಲು ಬಟ್ಟೆಯೇ ಇರಲಿಲ್ಲ. ಗುಂಡಿ ಸ್ವಲ್ಪ ಸರಿಸಿ ಕೊಟ್ಟೆ. ಕಾಲರಿಗೆ ಏನೂ ಮಾಡಲಾಗಲಿಲ್ಲ.

ಇದು ಮೊದಲನೆಯ ಕೋಟು. ಯಾರ ಮೈಯನ್ನೂ ನೋಡದೆ ಕತ್ತರಿಸಿದ್ದು. ಈಗ ಎರಡನೆಯದಕ್ಕೆ ಬರೋಣ.

ಎರಡು ವರ್ಷದ ಮೇಲೆ ನಡುವಿನ ಮಗನ ಮದುವೆ. ಈ ಸಲ ಮಕ್ಕಳು ಅವರನ್ನು ದೊಡ್ಡ ಊರಿನ ಒಂದು ಶೋರೂಮಿಗೆ ಕರೆದೊಯ್ದರು. ಅಲ್ಲಿ ಟೇಪು ಹಿಡಿದು ಅಳತೆ ತೆಗೆದರು. ಇದಕ್ಕೆ ಮೇಡ್ ಟು ಮೆಜರ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಅಳತೆಗೆ ತಿದ್ದಿದ ಕೋಟು. ತಿದ್ದಿದ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ.

ಅಲ್ಲಿ ನಡೆಯುವುದು ಹೀಗೆ. ಮೊದಲು ನಿಮ್ಮ ನಂಬರಿನ ಒಂದು ಟ್ರಾಯಲ್ ಕೋಟು ಹಾಕಿಸುತ್ತಾರೆ. ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಪಿನ್ನು ಚುಚ್ಚಿ ನೋಡುತ್ತಾರೆ. ತೋಳು ಮುಕ್ಕಾಲು ಇಂಚು ಕಡಿಮೆ, ಸೊಂಟ ಇಷ್ಟು ಹೆಚ್ಚು ಎಂದು ಬರೆದುಕೊಳ್ಳುತ್ತಾರೆ. ಆ ಬರಹ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಮೊದಲೇ ಇರುವ ಫರ್ಮಾವನ್ನು ಕಂಪ್ಯೂಟರಿನಲ್ಲಿ ಅಷ್ಟಕ್ಕಷ್ಟೇ ತಿದ್ದುತ್ತಾರೆ. ಪದರ ಹಾಸದೆ ಒಂದೇ ಕೋಟು ಕತ್ತರಿಸುತ್ತಾರೆ. ಕೆಲವು ವಾರದ ನಂತರ ಕೋಟು ಪೂರ್ತಿ ಮುಗಿದೇ ಬರುತ್ತದೆ.

ಕಾಕಾನ ಎರಡನೆಯ ಕೋಟನ್ನೂ ನಾನು ನೋಡಿದೆ. ಹೊಟ್ಟೆಯ ಎಳೆತ ಹೋಗಿತ್ತು. ತೋಳು ಮಣಿಕಟ್ಟಿನ ಎಲುಬಿಗೆ ಸರಿಯಾಗಿ ನಿಂತಿತ್ತು. ಬಗಲಿನ ಸುಕ್ಕು ಅರ್ಧ ಇಳಿದಿತ್ತು, ಏಕೆಂದರೆ ಬಲಗಡೆ ಹೆಗಲೊಳಗೆ ದಪ್ಪ ಗಾದಿ ಇಟ್ಟಿದ್ದರು. ಕಾಲರು ಮಾತ್ರ ಹಾಗೆಯೇ ಇತ್ತು. ಕುತ್ತಿಗೆಯಿಂದ ಒಂದು ಬೆರಳು ದೂರ.

ಹೀಗೇಕಾಯಿತು? ಯಂತ್ರದ ತಪ್ಪು ಇದರಲ್ಲಿಲ್ಲ. ಬೆನ್ನು ಬಾಗಿದೆ, ಹಿಂದೆ ಇಷ್ಟು ಉದ್ದ ಬೇಕು ಎಂದು ಬರೆದಿದ್ದರೆ ಒಳ್ಳೆಯ ಕಾರ್ಖಾನೆಯ ಫರ್ಮಾದಲ್ಲಿ ಅದನ್ನೂ ತಿದ್ದಬಹುದು. ಟೇಪು ಹಿಡಿದವರು ಬರೆಯಲಿಲ್ಲ. ಅವರು ಸುತ್ತಳತೆ, ಉದ್ದಳತೆ ತೆಗೆದರು. ನಿಲುವು ನೋಡಲಿಲ್ಲ. ಕಾಕಾ ಕೂಡ ಕನ್ನಡಿಯ ಮುಂದೆ ನಿಂತಾಗ ಮೈ ಸೆಟೆಸಿ ನೆಟ್ಟಗೆ ನಿಂತಿದ್ದಾರು. ಎಲ್ಲರೂ ಹಾಗೆ ನಿಲ್ಲುತ್ತಾರೆ. ಕೋಟು ಬಂದಾಗ ಕೆಲಸ ಮುಗಿದಿತ್ತು. ನಡುವೆ ಒಮ್ಮೆ ತೊಡಿಸಿ ನೋಡುವ ಹಂತವೇ ಇರಲಿಲ್ಲ.

ಇಲ್ಲಿ ನಮ್ಮವರ ಬಗ್ಗೆಯೂ ಒಂದು ಮಾತು ಹೇಳಬೇಕು. ಊರಿನ ಟೇಲರ ಹತ್ತಿರ ಹೊಲಿಸಿದ್ದೆಲ್ಲ ಬೇರೆ ಜಾತಿಯ ಕೆಲಸ ಎಂದು ತಿಳಿಯಬೇಡಿ. ನಮ್ಮ ಕಡೆಯ ಬಹಳಷ್ಟು ಅಂಗಡಿಗಳಲ್ಲಿ ಗೋಡೆಗೆ ರಟ್ಟಿನ ಫರ್ಮಾ ತೂಗಿರುತ್ತದೆ. ಗಿರಾಕಿಯ ಮಾಪ ತೆಗೆದು, ಹತ್ತಿರದ ನಂಬರಿನ ರಟ್ಟು ಇಳಿಸಿ, ಅಲ್ಲಿ ಅರ್ಧ ಇಂಚು, ಇಲ್ಲಿ ಕಾಲು ಇಂಚು ಸರಿಸಿ ಕತ್ತರಿಸುತ್ತೇವೆ. ಟ್ರಾಯಲ್ ಇಲ್ಲದೆ ಹೊಲಿದು ಕೊಡುತ್ತೇವೆ. ಲಗ್ನದ ಸೀಸನ್‌ನಲ್ಲಿ ನಾನೂ ಹಾಗೆ ಮಾಡಿದ್ದೇನೆ. ಅದೂ ಅಳತೆಗೆ ತಿದ್ದಿದ ಕೋಟೇ. ಕಂಪ್ಯೂಟರಿನ ಜಾಗದಲ್ಲಿ ಚಾಕಿನ ಗೆರೆ, ಅಷ್ಟೇ ಫರಕು. ಟೇಪು ಎರಡು ಕಡೆಯೂ ಇರುತ್ತದೆ. ಟೇಪಿನಿಂದ ಈ ಭೇದ ತಿಳಿಯುವುದಿಲ್ಲ. ಕೇಳಬೇಕಾದದ್ದು ಎರಡೇ ಪ್ರಶ್ನೆ. ಫರ್ಮಾ ಹೊಸದಾಗಿ ಬರೆಯುತ್ತೀರೋ, ಇದ್ದದ್ದನ್ನು ತಿದ್ದುತ್ತೀರೋ? ಅರ್ಧ ಹೊಲಿದಾಗ ತೊಡಿಸಿ ನೋಡುತ್ತೀರೋ, ಇಲ್ಲವೋ?

ಇಲ್ಲಿಯವರೆಗೆ ಎರಡು ಕೋಟು ಕಂಡೆವು. ಮೊದಲನೆಯದು ಯಾರನ್ನೂ ನೋಡದೆ ಮಾಡಿದ್ದು. ಎರಡನೆಯದು ಅಳತೆ ನೋಡಿ ತಿದ್ದಿದ್ದು. ಮೂರನೆಯದನ್ನು ನಾನು ಒಬ್ಬರಿಗೇ ಬರೆದ ಕೋಟು ಎನ್ನುತ್ತೇನೆ. ಇಂಗ್ಲಿಷಿನವರು ಬೆಸ್ಪೋಕ್ ಎನ್ನುತ್ತಾರೆ. ಗಿರಾಕಿ ಒಂದು ಬಟ್ಟೆ ಆರಿಸಿದರೆ ಅದು ಅವರ ಹೆಸರಿಗೆ ಮಾತಾಯಿತು ಎಂದು ಅರ್ಥ. ಲಂಡನ್ನಿನ ಸ್ಯಾವಿಲ್ ರೋ ಬೀದಿಯ ಅಂಗಡಿಗಳು ಇದಕ್ಕೆ ಹೆಸರುವಾಸಿ. ಅಲ್ಲಿಯೂ ಈ ಪದದ ಮೇಲೆ ತಕರಾರು ನಡೆದಿದೆ. ಅಳತೆಗೆ ತಿದ್ದಿ ಮಶೀನಿನಲ್ಲಿ ಹೊಲಿದ ಸೂಟಿಗೂ ಜಾಹೀರಾತಿನಲ್ಲಿ ಆ ಪದ ಬಳಸಬಹುದು ಎಂದು 2008ರಲ್ಲಿ ಅಲ್ಲಿನ ಜಾಹೀರಾತು ಮಂಡಳಿ ತೀರ್ಪು ಕೊಟ್ಟಿತು. ಹಾಗಾಗಿ ಫಲಕದ ಮೇಲಿನ ಪದ ನೋಡಿ ನಂಬಲು ಬರುವುದಿಲ್ಲ. ಕೆಲಸ ನೋಡಬೇಕು.

ಕಿರಿಯ ಮಗನ ಮದುವೆಗೆ ಎರಡು ತಿಂಗಳು ಇರುವಾಗ ಕಾಕಾ ನನ್ನ ಹತ್ತಿರ ಬಂದರು. ನಾನು ಟೇಪು ತೆಗೆಯಲಿಲ್ಲ. ಚಹಾ ತರಿಸಿದೆ. ಬೆಳೆ, ಸಕ್ಕರೆ ಕಾರ್ಖಾನೆಯ ಬಿಲ್ಲು, ಮಳೆ ಎಂದು ಮಾತು ಹಚ್ಚಿದೆ. ಅವರು ಸೆಟೆದು ನಿಲ್ಲುವುದನ್ನು ಮರೆತ ಮೇಲೆ ಎದ್ದು ಹಿಂದೆ ಹೋದೆ.

“ಕಾಕಾ, ಹಂಗs ನಿಂದರ್ರಿ. ಹೊಲದಾಗ ನಿಂತಂಗ.”

ಎರಡು ಅಳತೆಗಳ ಮೇಲೆ ಈ ಕೋಟು ನಿಂತಿದೆ. ಒಂದು, ಕುತ್ತಿಗೆಯ ಹಿಂದಿನ ಎಲುಬಿನಿಂದ ಬೆನ್ನ ಮೇಲೆ ಸೊಂಟದವರೆಗೆ. ಇನ್ನೊಂದು, ಅದೇ ಎಲುಬಿನಿಂದ ಹೆಗಲು ದಾಟಿ ಎದೆಯ ಮೇಲೆ ಸೊಂಟದವರೆಗೆ. ಹಿಂದಿನ ಉದ್ದ, ಮುಂದಿನ ಉದ್ದ. ಅಷ್ಟೇ ಎತ್ತರದ ನೆಟ್ಟನೆ ಮನುಷ್ಯನಿಗಿಂತ ಕಾಕಾನಿಗೆ ಹಿಂದೆ ಮುಕ್ಕಾಲು ಇಂಚು ಹೆಚ್ಚು ಬೇಕಾಗಿತ್ತು. ಮುಂದೆ ಅರ್ಧ ಇಂಚು ಕಡಿಮೆ. ಎದೆಯ ಸುತ್ತಳತೆ ಎಷ್ಟೇ ಸರಿಯಿದ್ದರೂ ಇವೆರಡು ತಪ್ಪಿದರೆ ಕಾಲರು ಕೂಡುವುದಿಲ್ಲ.

ರಟ್ಟು ಇಳಿಸಲಿಲ್ಲ. ಖಾಕಿ ಕಾಗದ ಹಾಸಿ ಹೊಸ ಫರ್ಮಾ ಬರೆದೆ. ಬಲಗಡೆಗೆ ಬೇರೆ, ಎಡಗಡೆಗೆ ಬೇರೆ. ಬಲ ಹೆಗಲಿನ ಗೆರೆ ಇಳಿಸಿದೆ. ಅದರ ಜೊತೆ ಮುಂಡಾವನ್ನೂ ಅಷ್ಟೇ ಇಳಿಸಿದೆ. ಮುಂಡಾ ಎಂದರೆ ತೋಳು ಕೂಡುವ ಸುತ್ತು. ಬರೀ ಗಾದಿ ತುಂಬಿ ಹೆಗಲನ್ನು ಪೂರ್ತಿ ಸಮ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಕೈ ಎತ್ತಿದಾಗ ಆ ಗಾದಿ ಕಿವಿಯವರೆಗೆ ಏರುತ್ತದೆ. ತೆಳ್ಳಗೆ ಒಂದು ಪದರ ಇಟ್ಟು ಅರ್ಧ ಮರೆಸಬೇಕು. ಇನ್ನರ್ಧವನ್ನು ಹೆಗಲಿಗೇ ಬಿಡಬೇಕು.

ಕತ್ತರಿಸುವಾಗ ಬೆನ್ನು, ಪಕ್ಕ, ಹೆಗಲ ಹೊಲಿಗೆಗಳಲ್ಲಿ ಸುಮಾರು ಒಂದು ಇಂಚು ಬಟ್ಟೆ ಹೆಚ್ಚು ಬಿಟ್ಟೆ. ಆಮೇಲೆ ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ. ಉದ್ದುದ್ದ ಟಾಕಿ, ಕೈಯಿಂದ ಎಳೆದರೆ ಬಿಚ್ಚಬೇಕು. ಜೇಬಿಲ್ಲ, ಅಸ್ತರ ಇಲ್ಲ, ತೋಳು ಒಂದೇ. ಕಾಲರಿನ ಒಳಪದರ ಮಾತ್ರ. ಎರಡು ವಾರಕ್ಕೆ ಕಾಕಾನನ್ನು ಕರೆಸಿ ಅದನ್ನೇ ತೊಡಿಸಿದೆ. ಅವರ ಮುಖ ನೋಡಬೇಕಿತ್ತು.

“ಇದೇನ್ರಿ ಮಾಸ್ತರ, ಗೋಣಿಚೀಲ ಹಾಕಿದಂಗ ಐತಿ!”

ಕಾಲರು ಕುತ್ತಿಗೆಗೆ ಮುಟ್ಟಿತ್ತು. ನನಗೆ ಬೇಕಾದದ್ದು ಅದು. ಆದರೆ ಕಾಲರಿನ ಕೆಳಗೆ, ಎಡಗಡೆ, ಅಡ್ಡಕ್ಕೆ ಒಂದು ಮಡಿಕೆ ಬಂದಿತ್ತು. ಬೆರಳಷ್ಟು ದಪ್ಪ. ಅಡ್ಡ ಮಡಿಕೆ ಎಂದರೆ ಹೆಗಲಿನ ತುದಿಯಲ್ಲಿ ಬಟ್ಟೆ ಸಾಲದೆ ಕುತ್ತಿಗೆಯ ಕಡೆ ಗುಡ್ಡೆ ಬಿದ್ದಿದೆ ಎಂದರ್ಥ. ಬಲ ಹೆಗಲು ಇಳಿದದ್ದನ್ನು ನೋಡುವ ಭರದಲ್ಲಿ ಎಡ ಹೆಗಲು ಎಷ್ಟು ಚೌಕವಾಗಿದೆ ಎಂದು ಸರಿಯಾಗಿ ನೋಡಿರಲಿಲ್ಲ. ತಪ್ಪು ನನ್ನದು. ಟೇಪಿಗೆ ಅದು ಸಿಕ್ಕಿರಲಿಲ್ಲ, ಕಣ್ಣಿಗೂ ಸಿಕ್ಕಿರಲಿಲ್ಲ. ಮೈಮೇಲೆ ಹಾಕಿದಾಗ ಬಟ್ಟೆಯೇ ತೋರಿಸಿತು.

ಹೆಗಲ ಟಾಕಿ ಅಲ್ಲೇ ಬಿಚ್ಚಿದೆ. ತುದಿಯಲ್ಲಿ ಬಿಟ್ಟ ಬಟ್ಟೆಯಿಂದ ಕಾಲು ಇಂಚು ಹೊರಗೆ ಕೊಟ್ಟು ಪಿನ್ನು ಚುಚ್ಚಿದೆ. ಮಡಿಕೆ ಹೋಯಿತು. ಚಾಕಿನ ಗುರುತು ಹಾಕಿಕೊಂಡೆ. ಕಾಕಾ ಹೋದ ಮೇಲೆ ಇಡೀ ಕೋಟು ಬಿಚ್ಚಿದೆ. ಒಂದೊಂದು ತುಂಡನ್ನೂ ಮೇಜಿನ ಮೇಲೆ ಹಾಸಿ, ಇಸ್ತ್ರಿ ಹಾಕಿ, ಹೊಸ ಗೆರೆ ಎಳೆದು ಮತ್ತೆ ಕತ್ತರಿಸಿದೆ. ಕಾಗದದ ಮೇಲೂ ಅದನ್ನೇ ತಿದ್ದಿದೆ. ಉಳಿದೆರಡು ದಾರಿಯಲ್ಲಿ ಇಲ್ಲದಿರುವುದು ಇದೇ ಹಂತ. ಹೊಲಿದದ್ದನ್ನು ಬಿಚ್ಚುವ ಹಂತ. ಒಂದು ಸೂಟಿಗೆ ಕನಿಷ್ಠ 50 ಗಂಟೆಯ ಕೈಕೆಲಸ ಎಂದು ಸ್ಯಾವಿಲ್ ರೋದವರು ಲೆಕ್ಕ ಹೇಳುತ್ತಾರೆ. ಅದರಲ್ಲಿ ಬಿಚ್ಚಿ ಮತ್ತೆ ಕೂಡಿಸುವ ಗಂಟೆಗಳೂ ಇವೆ.

ಎರಡನೆಯ ಟ್ರಾಯಲ್‌ಗೆ ಜೇಬು, ಎರಡೂ ತೋಳು ಕೂಡಿದ್ದವು. ತಿದ್ದುವುದು ಹೆಚ್ಚೇನೂ ಉಳಿದಿರಲಿಲ್ಲ.

ಒಂದು ಮಿತಿಯನ್ನೂ ಹೇಳಬೇಕು. ಒಳ್ಳೆಯ ಉಣ್ಣೆಯ ಬಟ್ಟೆಯನ್ನು ಹಸಿ ಬಟ್ಟೆ ಹಾಕಿ ಇಸ್ತ್ರಿ ಒತ್ತಿದರೆ ಅದು ಕುಗ್ಗುತ್ತದೆ, ಎಳೆದರೆ ಹಿಗ್ಗುತ್ತದೆ. ಬೆನ್ನಿನ ಗುಂಡಗಿನ ಆಕಾರವನ್ನು ಇಸ್ತ್ರಿಯಿಂದಲೇ ಬಟ್ಟೆಗೆ ಕೊಡಬಹುದು. ನಮ್ಮಲ್ಲಿ ಹೆಚ್ಚು ಮಾರುವುದು ಪಾಲಿಯೆಸ್ಟರ್ ಬೆರೆತ ಟೆರಿಕಾಟ್ ಸೂಟಿಂಗ್. ಅದು ಅಷ್ಟು ಮಾತು ಕೇಳುವುದಿಲ್ಲ. ಆಕಾರವನ್ನೆಲ್ಲ ಕತ್ತರಿಯಲ್ಲೇ ತರಬೇಕು. ಅಥಣಿಯ ಚಪ್ಪಲಿ ಮೊದಲು ಕಚ್ಚುತ್ತದೆ, ಆಮೇಲೆ ಚರ್ಮ ಕಾಲಿಗೆ ಹೊಂದಿಕೊಳ್ಳುತ್ತದೆ. ಟೆರಿಕಾಟ್ ಕೋಟು ಹಾಗೆ ಹೊಂದಿಕೊಳ್ಳುವುದಿಲ್ಲ. ಮೊದಲ ದಿನದ ಸುಕ್ಕು ಕೊನೆಯ ದಿನವೂ ಇರುತ್ತದೆ.

ಇಲ್ಲಿಯವರೆಗೆ ಮೂರು ದಾರಿ ಹೇಳಿದೆ. ನೋಡದೆ ಮಾಡಿದ್ದು, ತಿದ್ದಿದ್ದು, ಒಬ್ಬರಿಗೇ ಬರೆದದ್ದು. ಮುಗಿದ ಕೋಟಿನಲ್ಲಿ ಇದು ಹೇಗೆ ಗೊತ್ತಾಗುತ್ತದೆ? ಈಗ ಮಡಿಲಿನ ಕೋಟು ಕೈಗೆ ತೆಗೆದುಕೊಳ್ಳಿ.

ಕೆಳಗಿನ ಗುಂಡಿಯ ಹತ್ತಿರ ಮುಂಭಾಗದ ಬಟ್ಟೆಯನ್ನು ಎರಡು ಬೆರಳಲ್ಲಿ ಚಿವುಟಿ. ಹೊರಬಟ್ಟೆಯನ್ನು ಒಂದು ಕಡೆ, ಒಳಗಿನದನ್ನು ಇನ್ನೊಂದು ಕಡೆ ಮೆಲ್ಲಗೆ ಎಳೆಯಿರಿ. ನಡುವೆ ಮೂರನೆಯ ಪದರ ಬಿಡಿಯಾಗಿ ಜಾರಿದಂತೆ ಆಗುತ್ತದೆಯೇ? ಅದು ಕ್ಯಾನ್ವಾಸ್, ದಾರದಿಂದ ಹಿಡಿಸಿದ್ದು. ಹೊರಬಟ್ಟೆಯೇ ದಪ್ಪ, ಗಡಸು ಅನಿಸಿದರೆ ಒಳಗೆ ಫ್ಯೂಸಿಂಗ್ ಇದೆ. ಅಂದರೆ ಬಿಸಿ ಒತ್ತಿ ಅಂಟಿಸಿದ್ದು. ಫ್ಯೂಸಿಂಗ್ ಅಂದರೆ ಕೆಟ್ಟದ್ದೆಂದಲ್ಲ. ಅಂಟು ಒಳ್ಳೆಯದಿದ್ದರೆ ವರ್ಷಗಟ್ಟಲೆ ನಿಲ್ಲುತ್ತದೆ. ಅಂಟು ಸೋತರೆ ಎದೆಯ ಮೇಲೆ ಸಣ್ಣ ಗುಳ್ಳೆ ಏಳುತ್ತವೆ. ಕೈ ಸವರಿದರೆ ಸಿಗುತ್ತವೆ. ಅದನ್ನು ಸರಿ ಮಾಡಲು ಯಾರಿಂದಲೂ ಆಗುವುದಿಲ್ಲ.

ಇನ್ನು ಎದೆಯ ಮೇಲೆ ಮಡಚಿದ ಪಟ್ಟಿ. ಅದು ಗುಂಡಿಯವರೆಗೆ ಗುಂಡಗೆ ಉರುಳುತ್ತಿದ್ದರೆ ಒಳಗೆ ಕೈಟಾಕಿ ಇರಬಹುದು. ಕಾಗದ ಮಡಚಿದಂತೆ ಚಪ್ಪಟೆಯಾಗಿದ್ದರೆ ಇಸ್ತ್ರಿಯ ಮಡಿಕೆ. ಕಾಜಾ ತಿರುಗಿಸಿ ಹಿಂಬದಿ ಮುಟ್ಟಿ. ಕೈಕಾಜಾದ ಹಿಂಬದಿ ಒರಟು. ಮಶೀನಿನದು ಎರಡೂ ಬದಿ ಒಂದೇ.

ಆದರೆ ಒಂದು ಎಚ್ಚರ. ಇವೆಲ್ಲ ಕೈಕೆಲಸದ ಗುರುತುಗಳು. ಫಿಟ್ಟಿಂಗಿನ ಗುರುತು ಬೇರೆ. ಕೈಕಾಜಾ ಇರುವ ಕೋಟೂ ಕುತ್ತಿಗೆ ಬಿಟ್ಟು ನಿಂತದ್ದನ್ನು ಕಂಡಿದ್ದೇನೆ. ಈಗೀಗ ಮಶೀನಿನಲ್ಲೇ ಕೈಟಾಕಿಯಂತೆ ಕಾಣುವ ಹೊಲಿಗೆ ಹಾಕುತ್ತಾರೆ. ಫಿಟ್ಟಿಂಗ್ ನೋಡಬೇಕೆಂದರೆ ಕೋಟು ತೊಡಿ. ಮನೆಯವರಲ್ಲಿ ಒಬ್ಬರನ್ನು ಹಿಂದೆ ನಿಲ್ಲಿಸಿ. ಮಾತಾಡಿ, ಕೈ ಮುಂದೆ ಚಾಚಿ, ಮತ್ತೆ ಇಳಿಸಿ. ಕಾಲರು ಕುತ್ತಿಗೆಗೆ ಮರಳಿ ಬಂದು ಕೂತಿತೇ ಎಂದು ಕೇಳಿ. ಒಳಗಿನ ಅಂಗಿಯ ಕಾಲರು ಹಿಂದೆ ಅರ್ಧ ಇಂಚಿನಷ್ಟು ಕಾಣಬೇಕು, ಹೆಚ್ಚು ಬೇಡ. ಹಿಂದಿನ ಅಂಚು ನೆಲಕ್ಕೆ ಸಮವಾಗಿದೆಯೇ ಎಂದು ಕೇಳಿ.

ಕೊನೆಗೆ ಒಳಹೊಲಿಗೆ. ಟೇಲರಿಗೆ ಬಟ್ಟೆ ಕೊಡುವಾಗಲೇ “ಒಳಗ ಎಷ್ಟು ಅರಿವಿ ಬಿಡ್ತೀರಿ?” ಎಂದು ಕೇಳಿ. ಮದುವೆಗೆ ಎಂಟು ದಿನ ಇರುವಾಗ ಮಾತ್ರ ಇಂಥ ಕೋಟು ಕೇಳಬೇಡಿ. ಆಗ ರೆಡಿಮೇಡ್ ಹಾಕಿ ನೋಡಿ ಕೊಳ್ಳುವುದೇ ಜಾಣತನ. ಟ್ರಾಯಲ್‌ಗೆ ಸಮಯವಿಲ್ಲದ ಕೋಟಿಗೆ ದುಬಾರಿ ಹೊಲಿಗೆಯ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ.

ಕಾಕಾ ಮೂರನೆಯ ಕೋಟನ್ನು ಧೋತರದ ಮೇಲೆ ತೊಟ್ಟು ಮಗನ ಮದುವೆ ಮಾಡಿದರು. ನಾಲ್ಕು ವರ್ಷದ ನಂತರ ಮೊಮ್ಮಗಳ ಕಾರ್ಯಕ್ಕೆಂದು ಅದೇ ಕೋಟು ಹಿಡಿದು ಬಂದರು. ಬೆನ್ನು ಇನ್ನಷ್ಟು ಬಾಗಿತ್ತು. ಕಾಲರು ಮತ್ತೆ ಕುತ್ತಿಗೆ ಬಿಡಲು ಶುರುಮಾಡಿತ್ತು. ಈ ಸಲ ಅಸ್ತರ ಬಿಚ್ಚಿದಾಗ ಒಳಗೆ ಬಟ್ಟೆ ಇತ್ತು. ಬೆನ್ನಿನ ಮೇಲ್ತುದಿಯಲ್ಲಿ, ಹೆಗಲಿನಲ್ಲಿ ಕಾಲು ಇಂಚಿಗಿಂತ ಸ್ವಲ್ಪ ಹೆಚ್ಚು ಬಿಟ್ಟು, ಕಾಲರು ಕಿತ್ತು ಮತ್ತೆ ಕೂಡಿಸಿದೆ. ಒಂದೂವರೆ ದಿನದ ಕೆಲಸ. ಖಾಕಿ ಕಾಗದವನ್ನು ಇಳಿಸಿ ಅದರ ಮೇಲೂ ಹೊಸ ಗೆರೆ ಎಳೆದು ತಾರೀಖು ಬರೆದೆ. ನನ್ನ ಅಂಗಡಿಯ ಗೋಡೆಯ ಮೇಲೆ ಸಂತ ನಾಮದೇವರ ಪಟವಿದೆ. ಅದರ ಪಕ್ಕದ ಮೊಳೆಗೆ ಆ ಕಾಗದ ಇಂದಿಗೂ ತೂಗಿದೆ. ಹೆಗಲಿನ ಹತ್ತಿರ ಮೂರು ಗೆರೆ, ಮೂರು ತಾರೀಖು.